ಜಿಮ್‌ನ ಪುಡಿ, ಲ್ಯಾಬ್‌ನ ವರದಿ

ಕ್ರಿಯೇಟಿನ್ ಮನುಷ್ಯನ ದೇಹ ದಿನವೂ ತಾನೇ ತಯಾರಿಸಿಕೊಳ್ಳುವ ವಸ್ತು. ಮೂತ್ರಪಿಂಡದಲ್ಲಿ ಇದರ ತಯಾರಿ ಆರಂಭವಾಗುತ್ತದೆ, ಯಕೃತ್ತಿನಲ್ಲಿ ಮುಗಿಯುತ್ತದೆ. ಅಲ್ಲಿಂದ ರಕ್ತದ ಮೂಲಕ ಸಾಗಿ ಸ್ನಾಯುಗಳಲ್ಲಿ ಸಂಗ್ರಹವಾಗುತ್ತದೆ. 70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ಸ್ನಾಯುಗಳಲ್ಲೇ. ಮಾಂಸ, ಮೀನು ತಿನ್ನುವವರಿಗೆ ಆಹಾರದಿಂದಲೂ ದಿನಕ್ಕೆ ಒಂದು ಗ್ರಾಂನಷ್ಟು ಸಿಗುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಸಂಗ್ರಹ ಸ್ವಲ್ಪ ಕಡಿಮೆ. 1832ರಲ್ಲಿ ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರೆಲ್ ಇದನ್ನು ಮೊದಲು ಬೇರ್ಪಡಿಸಿದ್ದು ಮಾಂಸದ ಸಾರದಿಂದಲೇ. ಹೆಸರು ಬಂದದ್ದೂ ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದ.

ಭಾರವನ್ನು ಒಮ್ಮೆಲೇ ಎತ್ತುವಾಗ, ಜೋರಾಗಿ ಓಡುವಾಗ ಸ್ನಾಯುವಿಗೆ ಬೇಕಾದ ಶಕ್ತಿ ಎಟಿಪಿ ಎಂಬ ಕಣದಿಂದ ಬರುತ್ತದೆ. ಅದು ಕೆಲವೇ ಕ್ಷಣಗಳಲ್ಲಿ ಖಾಲಿಯಾಗುತ್ತದೆ. ಸ್ನಾಯುವಿನಲ್ಲಿ ಕೂತ ಕ್ರಿಯೇಟಿನ್ ಫಾಸ್ಫೇಟ್ ಅದನ್ನು ತಕ್ಷಣ ಮತ್ತೆ ತುಂಬಿಕೊಡುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮಾನೋಹೈಡ್ರೇಟ್ ಪುಡಿಯನ್ನು ನೀರಿಗೆ ಹಾಕಿಕೊಂಡು ಕುಡಿಯುವ ಜಿಮ್ ಹುಡುಗರ ಲೆಕ್ಕಾಚಾರ ಇಷ್ಟೇ: ಸಂಗ್ರಹ ಹೆಚ್ಚಿದರೆ ಇನ್ನೂ ಒಂದೆರಡು ಸಲ ಭಾರ ಎತ್ತಬಹುದು. ಈ ಲೆಕ್ಕ ಸರಿಯಾಗಿಯೇ ಇದೆ. ತೊಡಕು ಶುರುವಾಗುವುದು ಕಚೇರಿಯ ವಾರ್ಷಿಕ ತಪಾಸಣೆಯ ವರದಿ ಕೈಗೆ ಬಂದ ದಿನ. ಗಟ್ಟಿಮುಟ್ಟಾಗಿರುವ ಯುವಕನ ವರದಿಯಲ್ಲಿ ಮೂತ್ರಪಿಂಡ, ಲಿವರ್, ಯೂರಿಕ್ ಆಸಿಡ್, ಕೊಲೆಸ್ಟರಾಲ್ ಎಲ್ಲದರ ಮುಂದೆಯೂ ದಪ್ಪಕ್ಷರದ ಗುರುತು ಬಿದ್ದಿರುತ್ತದೆ. ಮನೆಯವರ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಕಪಾಟಿನಲ್ಲಿರುವ ಪುಡಿಯ ಡಬ್ಬಿಯ ಕಡೆಗೆ.

ಇಂಥ ಒಂದು ವರದಿಯನ್ನು ಮಾದರಿಯಾಗಿ ಇಟ್ಟುಕೊಂಡು ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ವಯಸ್ಸು 28, ಗಂಡಸು, ಆರು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯೇಟಿನ್. ಮೂರು ವಾರ ಊರಿಗೆ ಹೋಗಿದ್ದರಿಂದ ವ್ಯಾಯಾಮ ಬಿಟ್ಟುಹೋಗಿತ್ತು. ಗುರುವಾರ ಸಂಜೆ ಮತ್ತೆ ಜಿಮ್‌ಗೆ ಹೋಗಿ ಹಳೆಯ ಭಾರವನ್ನೇ ಹೆಗಲ ಮೇಲೆ ಹೊತ್ತು ಬೈಠಕ್ ಹೊಡೆದಿದ್ದಾನೆ. ಶುಕ್ರವಾರ ಮೆಟ್ಟಿಲು ಇಳಿಯಲೂ ತೊಡೆ ನೋವು. ಶನಿವಾರ ಬೆಳಿಗ್ಗೆ ಮಾಸ್ ಗೇನರ್ ಬೆರೆಸಿದ ಹಾಲು ಕುಡಿದು ರಕ್ತ ಕೊಟ್ಟಿದ್ದಾನೆ. ಸಂಜೆ ಬಂದ ವರದಿಯಲ್ಲಿ ಕ್ರಿಯೇಟಿನಿನ್ 1.4, ಎಸ್‌ಜಿಒಟಿ 96, ಎಸ್‌ಜಿಪಿಟಿ 58, ಯೂರಿಕ್ ಆಸಿಡ್ 7.6, ಒಟ್ಟು ಕೊಲೆಸ್ಟರಾಲ್ 208, ಟ್ರೈಗ್ಲಿಸರೈಡ್ 190 ಎಂದಿದೆ. ಮೇಲ್ನೋಟಕ್ಕೆ ಮೂತ್ರಪಿಂಡವೂ ಲಿವರ್ರೂ ಒಟ್ಟಿಗೆ ಕೆಟ್ಟಂತೆ ಕಾಣುವ ವರದಿ. ಆದರೆ ಇವುಗಳಲ್ಲಿ ಪುಡಿ ನೇರವಾಗಿ ಏರಿಸಿದ್ದು ಒಂದೇ ಅಂಕಿಯನ್ನು.

ಆ ಅಂಕಿ ಕ್ರಿಯೇಟಿನಿನ್‌ನದು. ಹೆಸರಿನಲ್ಲಿ ಒಂದೇ ಒಂದು ‘ನಿ’ ಹೆಚ್ಚು, ವಸ್ತು ಬೇರೆ. ಸ್ನಾಯುವಿನಲ್ಲಿರುವ ಕ್ರಿಯೇಟಿನ್‌ನ ಸಣ್ಣ ಪಾಲು, ದಿನಕ್ಕೆ ಸುಮಾರು 2 ಗ್ರಾಂನಷ್ಟು, ತನ್ನಷ್ಟಕ್ಕೆ ತಾನೇ ಕ್ರಿಯೇಟಿನಿನ್ ಆಗಿ ಬದಲಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ಸೋತಾಗ ಇದು ರಕ್ತದಲ್ಲಿ ಉಳಿದುಕೊಳ್ಳುವುದರಿಂದ ವೈದ್ಯರು ಇದನ್ನು ಮೂತ್ರಪಿಂಡದ ಅಳತೆಗೋಲಾಗಿ ಬಳಸುತ್ತಾರೆ. ಕ್ರಿಯೇಟಿನ್ ಹೆಚ್ಚು ತಿಂದರೆ ಕ್ರಿಯೇಟಿನಿನ್ ಕೂಡ ಸ್ವಲ್ಪ ಹೆಚ್ಚು ಹುಟ್ಟುತ್ತದೆ. ತೊಟ್ಟಿಯಿಂದ ಹೊರಹೋಗುವ ಕೊಳವೆ ಸರಿಯಾಗಿಯೇ ಇದೆ, ನಲ್ಲಿಯಿಂದ ಬೀಳುವ ನೀರು ಮಾತ್ರ ಜಾಸ್ತಿಯಾಗಿದೆ. ಲ್ಯಾಬ್‌ನ ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. 1.4 ಎಂಬ ಅಂಕಿಯನ್ನೂ ವಯಸ್ಸನ್ನೂ ಈಗ ಬಳಕೆಯಲ್ಲಿರುವ 2021ರ ಸೂತ್ರಕ್ಕೆ ಹಾಕಿದರೆ ಮೂತ್ರಪಿಂಡದ ಸೋಸುವ ಸಾಮರ್ಥ್ಯ 70 ಎಂದು ಬರುತ್ತದೆ. 28ರ ವಯಸ್ಸಿಗೆ ಅದು ಕಡಿಮೆ. ಸಂಶಯ ಪರಿಹಾರಕ್ಕೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಕ್ರಿಯೇಟಿನ್ ಸೇವನೆಗೂ ಅದಕ್ಕೂ ಸಂಬಂಧವಿಲ್ಲ, ಸ್ನಾಯುವಿನ ಗಾತ್ರದ ಪ್ರಭಾವವೂ ಅದರ ಮೇಲೆ ಬಹಳ ಕಡಿಮೆ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿಲ್ಲ ಎಂಬುದನ್ನೂ ಜೊತೆಗೆ ನೋಡಿಕೊಂಡರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಲಿವರ್ ಪರೀಕ್ಷೆಯ ಕಥೆ ಇದಕ್ಕಿಂತ ಹೆಚ್ಚು ದಾರಿತಪ್ಪಿಸುವಂಥದ್ದು. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡನ್ನೂ ‘ಲಿವರ್ ಕಿಣ್ವ’ ಎಂದು ಕರೆಯುವುದೇ ಅರ್ಧ ಸತ್ಯ. ಈ ಕಿಣ್ವಗಳು ಜೀವಕೋಶದ ಒಳಗೆ ಕೆಲಸ ಮಾಡುವಂಥವು. ಕೋಶದ ಗೋಡೆ ಹರಿದಾಗ ರಕ್ತಕ್ಕೆ ಸೋರುತ್ತವೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನಲ್ಲಿದೆ, ಸ್ವಲ್ಪ ಸ್ನಾಯುವಿನಲ್ಲೂ ಇದೆ. ಎಸ್‌ಜಿಒಟಿಯಂತೂ ಲಿವರ್, ಹೃದಯ, ಮೈಯ ಸ್ನಾಯುಗಳು, ಕೆಂಪು ರಕ್ತಕಣ ಎಲ್ಲೆಡೆ ಹರಡಿಕೊಂಡಿದೆ. ಭಾರ ಎತ್ತಿದ ಮರುದಿನ ತೊಡೆ ನೋಯುವುದು ಎಂದರೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಹರಿವು ಆಗಿದೆ ಎಂದು ಅರ್ಥ. ಆ ಹರಿವಿನಿಂದ ಸೋರಿದ ಕಿಣ್ವವನ್ನೇ ಲ್ಯಾಬ್ ‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ಶೀರ್ಷಿಕೆಯ ಕೆಳಗೆ ಮುದ್ರಿಸುತ್ತದೆ. ಭಾರ ಎತ್ತಿ ಅಭ್ಯಾಸವಿಲ್ಲದ ಆರೋಗ್ಯವಂತ ಗಂಡಸರಿಂದ ಒಂದು ಗಂಟೆ ಭಾರ ಎತ್ತಿಸಿ ರಕ್ತ ನೋಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಈ ಎರಡೂ ಕಿಣ್ವಗಳು ಏರಿ, ಕನಿಷ್ಠ ಏಳು ದಿನ ಹಾಗೆಯೇ ಉಳಿದಿದ್ದವು. ಅದೇ ಜನರಲ್ಲಿ ಜಿಜಿಟಿ, ಆಲ್ಕಲೈನ್ ಫಾಸ್ಫಟೇಸ್, ಬಿಲಿರುಬಿನ್ ಮಾತ್ರ ಸಹಜವಾಗಿದ್ದವು.

ಈ ಕೊನೆಯ ಸಾಲಿನಲ್ಲೇ ಬೀಗದ ಕೈ ಇದೆ. ಜಿಜಿಟಿ ಸ್ನಾಯುವಿನಿಂದ ರಕ್ತಕ್ಕೆ ಬರುವುದಿಲ್ಲ. ಲಿವರ್ ಮತ್ತು ಪಿತ್ತನಾಳದ ತೊಂದರೆಯಲ್ಲಿ, ಮದ್ಯ ಕುಡಿಯುವವರಲ್ಲಿ ಏರುತ್ತದೆ. ಸಿಕೆ ಅಥವಾ ಸಿಪಿಕೆ ಎಂದು ಬರೆಯುವ ಕ್ರಿಯೇಟಿನ್ ಕೈನೇಸ್ ಇದಕ್ಕೆ ತದ್ವಿರುದ್ಧ. ಲಿವರ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಸ್ನಾಯುವಿನಲ್ಲಿ ತುಂಬಿಕೊಂಡಿದೆ. ಎಸ್‌ಜಿಒಟಿ ಏರಿದ್ದು, ಸಿಕೆ ಸಾವಿರ ದಾಟಿದ್ದು, ಜಿಜಿಟಿ ಮತ್ತು ಬಿಲಿರುಬಿನ್ ಸಹಜವಾಗಿದ್ದರೆ ಸೋರಿಕೆ ತೊಡೆಯದ್ದೇ ಹೊರತು ಲಿವರ್‌ನದ್ದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಮಾದರಿಯ ಯುವಕನ ಜಿಜಿಟಿ 22, ಬಿಲಿರುಬಿನ್ 0.8. ಸಿಕೆ ಮಾಡಿಸಿರಲಿಲ್ಲ, ಏಕೆಂದರೆ ಸಾಮಾನ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಅದು ಇರುವುದೇ ಅಪರೂಪ. ಹೆಸರಿನಲ್ಲಿ ‘ಕ್ರಿಯೇಟಿನ್’ ಇದ್ದ ಮಾತ್ರಕ್ಕೆ ಸಿಕೆ ಏರಿದ್ದು ಪುಡಿಯಿಂದ ಎಂದು ತಿಳಿಯಬಾರದು. ಸಿಕೆ ಎಂಬುದು ಕ್ರಿಯೇಟಿನ್ ಮೇಲೆ ಕೆಲಸ ಮಾಡುವ ಕಿಣ್ವ. ಅದು ರಕ್ತಕ್ಕೆ ಸೋರಿದ್ದಕ್ಕೆ ಕಾರಣ ವ್ಯಾಯಾಮ.

ಎರಡು ಅಂಕಿಗಳ ನಡುವಿನ ಅನುಪಾತವೂ ಏನನ್ನೋ ಹೇಳುತ್ತದೆ. ಎಸ್‌ಜಿಒಟಿ ಸುಮಾರು 17 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಎಸ್‌ಜಿಪಿಟಿಗೆ ಸುಮಾರು 47 ಗಂಟೆ ಬೇಕು. ಭಾರಿ ವ್ಯಾಯಾಮದ ಮೊದಲ ದಿನಗಳಲ್ಲಿ ಎಸ್‌ಜಿಒಟಿ ಮುಂದಿರುತ್ತದೆ. ದಿನಗಳು ಕಳೆದಂತೆ ಅದು ಇಳಿದು ಎಸ್‌ಜಿಪಿಟಿ ಮಾತ್ರ ತುಸು ಮೇಲೆ ಉಳಿಯುತ್ತದೆ. ಎಸ್‌ಜಿಒಟಿ ಮುಂದಿರುವ ಇದೇ ಚಿತ್ರ ಮದ್ಯದಿಂದ ಲಿವರ್ ಕೆಟ್ಟವರಲ್ಲೂ ಕಾಣುತ್ತದೆ. ವೈದ್ಯರು ಕುಡಿತದ ಬಗ್ಗೆ ಕೇಳಿದರೆ ಅವಮಾನ ಎಂದುಕೊಳ್ಳದೆ ನಿಜ ಹೇಳಬೇಕಾದ್ದು ಇದಕ್ಕೇ. ಎಸ್‌ಜಿಪಿಟಿಯೇ ತಿಂಗಳುಗಟ್ಟಲೆ ಮೇಲಿದ್ದು ಎಸ್‌ಜಿಒಟಿ ಅದಕ್ಕಿಂತ ಕೆಳಗಿದ್ದರೆ ಮೊದಲು ನೆನಪಾಗಬೇಕಾದ್ದು ಫ್ಯಾಟಿ ಲಿವರ್. ಹೊಟ್ಟೆ ಬಂದ, ಸಕ್ಕರೆ ಅಂಶ ಏರಿದ ಭಾರತೀಯರಲ್ಲಿ ಇದು ತೀರ ಸಾಮಾನ್ಯ. ಜಿಮ್‌ಗೆ ಹೋಗುತ್ತೇನೆ, ಹಾಗಾಗಿ ಏರಿದೆ ಎಂಬ ಸಮಾಧಾನದಲ್ಲಿ ಅದನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಏಳರಿಂದ ಹತ್ತು ದಿನದ ವಿಶ್ರಾಂತಿಯ ನಂತರವೂ ಇಳಿಯದ ಅಂಕಿಗೆ ಹೊಟ್ಟೆಯ ಅಲ್ಟ್ರಾಸೌಂಡ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಬೇಕೇ ಬೇಕು.

ಹಾಗಾದರೆ ಕ್ರಿಯೇಟಿನ್ ಲಿವರ್‌ಗೆ ಹಾನಿ ಮಾಡುತ್ತದೆಯೇ? ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಆರೋಗ್ಯವಂತರಲ್ಲಿ ನಡೆದ ಅಧ್ಯಯನಗಳಲ್ಲಿ ಅಂಥದ್ದು ಕಂಡಿಲ್ಲ. ಔಷಧಗಳಿಂದ ಲಿವರ್‌ಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕ ಸರ್ಕಾರದ ಲಿವರ್‌ಟಾಕ್ಸ್ ಕೋಶ ಕೂಡ ಕ್ರಿಯೇಟಿನನ್ನು ಹಾನಿಯ ಸಂಭವವಿಲ್ಲದ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ. ನಿಜವಾದ ಅಪಾಯ ಅದೇ ಕಪಾಟಿನ ಬೇರೆ ಡಬ್ಬಿಗಳಲ್ಲಿದೆ. ಬೇಗ ಮೈಕಟ್ಟು ಬರಲೆಂದು ನುಂಗುವ ಸ್ಟನೊಜೊಲಾಲ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಪಿತ್ತದ ಹರಿವನ್ನು ತಡೆದು ಕಾಮಾಲೆ ತರುತ್ತವೆ. ಕೊಬ್ಬು ಕರಗಿಸುವ ಮಾತ್ರೆಗಳಲ್ಲಿ ಸಾಂದ್ರವಾಗಿ ಸೇರಿಸುವ ಹಸಿರು ಚಹಾದ ಸತ್ವ ಲಿವರ್‌ಗೆ ಪೆಟ್ಟು ಕೊಟ್ಟ ಪ್ರಕರಣಗಳು ಅನೇಕ. ಮನೆಮದ್ದೆಂದೇ ಎಲ್ಲರೂ ನಂಬಿರುವ ಅಶ್ವಗಂಧದ ಗುಳಿಗೆಗಳಿಂದಲೂ, ಅಪರೂಪವಾಗಿ, ಲಿವರ್ ಉರಿಯೂತ ಆದದ್ದು ಭಾರತದಲ್ಲೇ ವರದಿಯಾಗಿದೆ.

ಯೂರಿಕ್ ಆಸಿಡ್ ವಿಷಯದಲ್ಲಿ ಹೆಸರು ಕೇಳಿಯೇ ಜನ ಪುಡಿಯನ್ನು ದೂರುತ್ತಾರೆ: ಪ್ರೋಟೀನ್ ಪುಡಿ, ಕ್ರಿಯೇಟಿನ್, ಯೂರಿಕ್ ಆಸಿಡ್ ಎಲ್ಲ ಒಂದೇ ಬಳಗದವು ಎಂಬ ನಂಬಿಕೆ. ಯೂರಿಕ್ ಆಸಿಡ್ ಹುಟ್ಟುವುದು ಪ್ಯೂರಿನ್ ಎಂಬ ವಸ್ತು ಒಡೆದಾಗ. ಕ್ರಿಯೇಟಿನ್ ಪ್ಯೂರಿನ್ ಅಲ್ಲ, ಒಡೆದರೂ ಯೂರಿಕ್ ಆಸಿಡ್ ಆಗುವುದಿಲ್ಲ. ಆದರೆ ಎಟಿಪಿಯ ಬೆನ್ನೆಲುಬು ಪ್ಯೂರಿನ್. ಉಸಿರು ಕಟ್ಟಿ ಭಾರ ಎತ್ತುವಾಗ ಸ್ನಾಯು ಎಟಿಪಿಯನ್ನು ಮತ್ತೆ ತುಂಬಿಕೊಳ್ಳುವುದಕ್ಕಿಂತ ವೇಗವಾಗಿ ಖರ್ಚು ಮಾಡುತ್ತದೆ. ಉಳಿದ ಚೂರುಗಳಲ್ಲಿ ಒಂದು ಭಾಗ ಹೈಪೊಜಾಂಥಿನ್ ಎಂಬ ರೂಪದಲ್ಲಿ ರಕ್ತಕ್ಕೆ ಬಂದು ಲಿವರ್ ತಲುಪಿ ಯೂರಿಕ್ ಆಸಿಡ್ ಆಗುತ್ತದೆ. ಅದೇ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟ್ ಮೂತ್ರಪಿಂಡಕ್ಕೆ ಹೋಗಿ, ಹೊರಹೋಗಬೇಕಿದ್ದ ಯೂರಿಕ್ ಆಸಿಡನ್ನು ಒಳಗೇ ಉಳಿಸುತ್ತದೆ. ಬೆವರಿ ನೀರು ಕುಡಿಯದಿದ್ದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಕ್ರಿಯೇಟಿನ್ ಫಾಸ್ಫೇಟ್ ಎಟಿಪಿಯನ್ನು ಬೇಗ ತುಂಬಿಕೊಡುವುದರಿಂದ ಈ ಒಡೆತ ಸ್ವಲ್ಪ ಕಡಿಮೆಯೇ ಆಗಬೇಕು ಎಂಬುದು ತರ್ಕ. ಅದನ್ನು ಚಿಕಿತ್ಸೆಯೆಂದು ಹೇಳುವಷ್ಟು ಪುರಾವೆ ಇಲ್ಲ.

ಗಂಡಸರಲ್ಲಿ ಡೆಸಿಲೀಟರಿಗೆ 7 ಮಿಲಿಗ್ರಾಂ ತನಕ ಸಹಜ ಎಂದು ಹೆಚ್ಚಿನ ಲ್ಯಾಬ್‌ಗಳು ಬರೆಯುತ್ತವೆ. 6.8ರ ಆಚೆಗೆ ಯೂರಿಕ್ ಆಸಿಡ್ ರಕ್ತದಲ್ಲಿ ಪೂರ್ತಿ ಕರಗಿ ಉಳಿಯಲಾರದೆ ಹರಳಾಗುವ ಸಾಧ್ಯತೆ ಹುಟ್ಟುತ್ತದೆ. ಹಾಗೆಂದು 7.6 ಇದ್ದವರೆಲ್ಲರಿಗೂ ಗೌಟ್ ಬರುವುದಿಲ್ಲ; ಬಹುಪಾಲು ಜನರಿಗೆ ಬರುವುದೇ ಇಲ್ಲ. ಹೆಬ್ಬೆರಳಿನ ಬುಡ ಕೆಂಪಾಗಿ ಊದಿದ್ದಿಲ್ಲ, ಮೂತ್ರದಲ್ಲಿ ಕಲ್ಲಿಲ್ಲ ಎಂದರೆ ಬರೀ ಅಂಕಿಗಾಗಿ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಶುರು ಮಾಡುವುದು ಸಾಮಾನ್ಯವಾಗಿ ಬೇಕಾಗದ ಕೆಲಸ. ಹುಡುಕಬೇಕಾದ್ದು ತಟ್ಟೆಯಲ್ಲಿ, ಲೋಟದಲ್ಲಿ. ಕುರಿಯ ಲಿವರ್, ಕರಾವಳಿಯ ಊಟದ ಬೂತಾಯಿ, ಬಿಯರ್, ಸಕ್ಕರೆ ಹಾಕಿದ ತಂಪು ಪಾನೀಯ ಇವೆಲ್ಲ ಯೂರಿಕ್ ಆಸಿಡ್ ಏರಿಸುತ್ತವೆ. ಹಾಲಿನಿಂದ ತಯಾರಾಗುವ ವೇ ಪ್ರೋಟೀನ್‌ನಲ್ಲಿ ಪ್ಯೂರಿನ್ ತೀರ ಕಡಿಮೆ. ಒಂದು ಎಚ್ಚರ ಮಾತ್ರ ಅಗತ್ಯ: ಮೂತ್ರಪಿಂಡ ನಿಜವಾಗಿ ಸೋತಾಗಲೂ ಕ್ರಿಯೇಟಿನಿನ್ ಮತ್ತು ಯೂರಿಕ್ ಆಸಿಡ್ ಜೊತೆಯಾಗಿಯೇ ಏರುತ್ತವೆ. ಹಾಗಾಗಿ ಈ ಜೋಡಿಯನ್ನು ಕಂಡಾಗ ಪುಡಿಯ ಕಡೆಗೆ ಬೆರಳು ತೋರಿಸಿ ಸುಮ್ಮನಾಗದೆ, ಮೇಲೆ ಹೇಳಿದ ಸಿಸ್ಟಾಟಿನ್ ಸಿ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ಕೊಲೆಸ್ಟರಾಲ್ ಮೇಲೆ ಕ್ರಿಯೇಟಿನ್ ಪ್ರಭಾವ ಇನ್ನೂ ಕಡಿಮೆ. ಕೊಲೆಸ್ಟರಾಲ್ ಹೆಚ್ಚಿದ್ದ ಕೆಲವೇ ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ರಿಯೇಟಿನ್ ತೆಗೆದುಕೊಂಡವರ ಒಟ್ಟು ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಸ್ವಲ್ಪ ಇಳಿದಿದ್ದವು. ಆಮೇಲಿನ ಅಧ್ಯಯನಗಳಲ್ಲಿ ಅದು ಒಂದೇ ರೀತಿ ಮರುಕಳಿಸಲಿಲ್ಲ. ಇಳಿಸುತ್ತದೆ ಎಂದು ಪುಡಿ ತಿನ್ನುವುದೂ ಬೇಡ, ಏರಿಸುತ್ತದೆ ಎಂದು ಹೆದರುವುದೂ ಬೇಡ. ಆದರೆ ರಕ್ತ ಕೊಡುವ ಬೆಳಗಿನ ಒಂದು ಲೋಟ ಮಾಸ್ ಗೇನರ್ ಏನು ಮಾಡುತ್ತದೆ ಎಂಬುದನ್ನು ಮಾತ್ರ ಅಂಕಿ ಇಟ್ಟೇ ನೋಡಬೇಕು. ಅನೇಕ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆದು ಲೆಕ್ಕ ಹಾಕುತ್ತವೆ. ಮಾದರಿ ವರದಿಯಲ್ಲಿ ಒಟ್ಟು 208, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 190. ಐದನೇ ಒಂದು ಭಾಗ 38. ಕಳೆದರೆ ಎಲ್‌ಡಿಎಲ್ 130. ಹತ್ತು ದಿನದ ನಂತರ 12 ಗಂಟೆ ಉಪವಾಸವಿದ್ದು ಕೊಟ್ಟ ರಕ್ತದಲ್ಲಿ ಒಟ್ಟು 206, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 120, ಎಲ್‌ಡಿಎಲ್ 141. ಟ್ರೈಗ್ಲಿಸರೈಡ್ ಇಳಿಯಿತೆಂದು ಖುಷಿಪಡುವಷ್ಟರಲ್ಲಿ ಎಲ್‌ಡಿಎಲ್ ಏರಿದಂತೆ ಕಾಣುತ್ತದೆ. ನಿಜದಲ್ಲಿ ಏರಿಲ್ಲ, ಮೊದಲ ಸಲ ಲೋಟದ ಹಾಲು, ಸಕ್ಕರೆ ಅದನ್ನು ಲೆಕ್ಕದಲ್ಲಿ ಮರೆಮಾಡಿದ್ದವು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೇ ಬರುವುದಿಲ್ಲ.

ಈ ಪಟ್ಟಿಯಲ್ಲಿ ನಿಜಕ್ಕೂ ಬೆಚ್ಚಿಬೀಳಿಸಬೇಕಾದ ಅಂಕಿ ಎಚ್‌ಡಿಎಲ್. ಹೊಟ್ಟೆಯಿಲ್ಲದ, ಸಿಗರೇಟು ಸೇದದ, ದಿನವೂ ವ್ಯಾಯಾಮ ಮಾಡುವ ಹುಡುಗನ ಎಚ್‌ಡಿಎಲ್ 20ಕ್ಕಿಂತ ಕೆಳಗಿಳಿದು, ಎಲ್‌ಡಿಎಲ್ ಏರಿ, ಹಿಮೋಗ್ಲೋಬಿನ್ ಕೂಡ ಅತಿಯಾಗಿದ್ದರೆ ಅದು ಕ್ರಿಯೇಟಿನ್‌ನ ಗುರುತಲ್ಲ. ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಮೈಗೆ ಹೋಗಿದೆ ಎಂಬುದೇ ಬಲವಾದ ಸಂಶಯ. ಕೆಲವೊಮ್ಮೆ ತೆಗೆದುಕೊಳ್ಳುವವನಿಗೇ ಅದು ಗೊತ್ತಿರುವುದಿಲ್ಲ. ಮೂಲ ತಿಳಿಯದ, ಮೊಹರು ಒಡೆದ ಡಬ್ಬಿಯ ಪುಡಿಯಲ್ಲಿ ಕಲಬೆರಕೆಯಾಗಿ ಬಂದಿರಬಹುದು. ಇಪ್ಪತ್ತರ ಹರೆಯದಲ್ಲೇ ಹೃದಯದ ರಕ್ತನಾಳಗಳಿಗೆ ಪೆಟ್ಟು ಬೀಳುವ ದಾರಿ ಇದು. ಮನೆಯವರು ಹೆದರಬೇಕಾದ್ದು ಇದಕ್ಕೆ.

ಮಾದರಿಯ ಯುವಕನ ವಿಷಯದಲ್ಲಿ ಸರಿಯಾದ ಕ್ರಮ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವುದಲ್ಲ. ಎಲ್ಲ ನಿಲ್ಲಿಸಿ ಅಂಕಿ ಇಳಿದರೆ ಯಾವುದರಿಂದ ಇಳಿಯಿತೆಂದು ಗೊತ್ತಾಗುವುದಿಲ್ಲ. ಮೊದಲು ಹತ್ತು ದಿನ ಜಿಮ್ ಮಾತ್ರ ಬಿಡಬೇಕು, ನೀರು ಚೆನ್ನಾಗಿ ಕುಡಿಯಬೇಕು, ಪುಡಿ ಎಂದಿನಂತೆ ನಡೆಯಲಿ. ಆಗ ಎಸ್‌ಜಿಒಟಿ 27ಕ್ಕೆ, ಎಸ್‌ಜಿಪಿಟಿ 33ಕ್ಕೆ, ಯೂರಿಕ್ ಆಸಿಡ್ 6.5ಕ್ಕೆ ಇಳಿದು, ಕ್ರಿಯೇಟಿನಿನ್ ಮಾತ್ರ 1.3ರಲ್ಲಿ ನಿಂತಿತು ಎನ್ನೋಣ. ಕ್ರಿಯೇಟಿನ್ ತಿನ್ನುತ್ತಿರುವಾಗಲೇ ಲಿವರ್ ಅಂಕಿ ಸಹಜಕ್ಕೆ ಬಂದಿದೆ. ಅಂದಮೇಲೆ ದೂರು ಪುಡಿಯ ಮೇಲಲ್ಲ, ಗುರುವಾರದ ಬೈಠಕ್ ಮೇಲೆ. ಆಮೇಲೆ ಪುಡಿ ನಿಲ್ಲಿಸಬೇಕು. ಸ್ನಾಯುವಿನ ಸಂಗ್ರಹ ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಗ ಕ್ರಿಯೇಟಿನಿನ್ 1.1ಕ್ಕೆ ಇಳಿದರೆ ಅದೇ ಸೂತ್ರ ಸೋಸುವ ಸಾಮರ್ಥ್ಯವನ್ನು 94 ಎಂದು ತೋರಿಸುತ್ತದೆ. ಮೂತ್ರಪಿಂಡ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಇಳಿಯದೆ 1.3ರಲ್ಲೇ ನಿಂತರೆ, ಅಥವಾ ಸಿಸ್ಟಾಟಿನ್ ಸಿ ಕೂಡ ಏರಿದ್ದರೆ, ಮೂತ್ರಪಿಂಡ ತಜ್ಞರನ್ನು ಕಾಣುವುದು ತಡವಾಗಬಾರದು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ಈ ಪ್ರಯೋಗಕ್ಕೂ ಪುಡಿಗೂ ವೈದ್ಯರನ್ನು ಕೇಳದೆ ಕೈ ಹಾಕಬಾರದು.

ಹತ್ತು ದಿನ ಕಾಯುವ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ವ್ಯಾಯಾಮದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ತೊಡೆ ಅಥವಾ ತೋಳು ಊದಿ ಅಲ್ಲಾಡಿಸಲಾಗದಂತೆ ನೋಯುತ್ತಿದ್ದರೆ ಸ್ನಾಯು ರಾಶಿಯಾಗಿ ಒಡೆದಿದೆ. ಅದರ ವಸ್ತು ಮೂತ್ರಪಿಂಡವನ್ನೇ ನಿಲ್ಲಿಸಬಲ್ಲದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ, ಬಿಲಿರುಬಿನ್ ಏರಿದ್ದರೂ ಹಾಗೆಯೇ.

ಉಳಿದವರು ಮುಂದಿನ ತಪಾಸಣೆಗೆ ಒಂದು ವಾರ ಮೊದಲೇ ಭಾರ ಎತ್ತುವುದನ್ನು ನಿಲ್ಲಿಸಿ. ಹಿಂದಿನ ರಾತ್ರಿ ಬಿಯರ್, ಬಾಡೂಟ ಬೇಡ. ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇರಲಿ, ನೀರು ಕುಡಿಯಬಹುದು. ವರದಿ ತೋರಿಸಲು ಹೋಗುವಾಗ ಪುಡಿಯ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ, ಕೊನೆಯ ಸಲ ಭಾರ ಎತ್ತಿದ ದಿನ ಯಾವುದೆಂದು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.